ಧಾನ್ಯಕ್ಕೆ ಬೇಳೆ ಎಷ್ಟು ಸೇರಿಸ್ಬೇಕು? ಪ್ರೋಟೀನ್ ಕ್ವಾಲಿಟಿ ಮತ್ತು ಲೈಸಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಿಮಿಟಿಂಗ್ ಅಮೈನೋ ಆಸಿಡ್ ಅಂತಾರಲ್ಲ, ಅದು ಏನು? ಸಿಂಪಲ್ಲಾಗಿ ಹೇಳಿ.

ತಿಂದ ಪ್ರೋಟೀನ್ ಕರುಳಲ್ಲಿ ಒಡೆದು ಅಮೈನೋ ಆಸಿಡ್ ಆಗುತ್ತೆ, ಒಟ್ಟು 20 ಥರದ್ದು. ಅದರಲ್ಲಿ 9 ಮಾತ್ರ ದೇಹಕ್ಕೆ ತಾನಾಗೇ ಮಾಡ್ಕೊಳ್ಳೋಕೆ ಬರಲ್ಲ, ಊಟದಿಂದಲೇ ಬರ್ಬೇಕು. ದೇಹ ತನ್ನ ಪ್ರೋಟೀನ್ ಕಟ್ಟುವಾಗ ಯಾವುದರ ನಂತರ ಯಾವುದು ಬರ್ಬೇಕು ಅನ್ನೋದು ಮೊದಲೇ ಫಿಕ್ಸ್, ಒಂದು ಇಲ್ಲ ಅಂದ್ರೆ ಅದರ ಜಾಗಕ್ಕೆ ಇನ್ನೊಂದನ್ನ ಹಾಕೋ ಹಾಗಿಲ್ಲ. ಹಾಗಾಗಿ ಒಂಬತ್ತರಲ್ಲಿ ಯಾವುದು ಮೊದಲು ಖಾಲಿ ಆಗುತ್ತೋ ಅಲ್ಲಿಗೆ ಕಟ್ಟೋ ಕೆಲಸ ನಿಲ್ಲುತ್ತೆ. ಮಿಕ್ಕಿದ್ದನ್ನ ಕೊಬ್ಬಿನ ಥರ ಕೂಡಿಡೋಕೆ ದೇಹದಲ್ಲಿ ವ್ಯವಸ್ಥೆ ಇಲ್ಲ, ಲಿವರ್ ಅದರ ನೈಟ್ರೋಜನ್ ತೆಗೆದು ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತೆ, ಉಳಿದ ಭಾಗ ಎನರ್ಜಿಗೆ ಉರಿದು ಹೋಗುತ್ತೆ.

ಹೀಗೆ ಮೊದಲು ಖಾಲಿ ಆಗೋದೇ ಲಿಮಿಟಿಂಗ್ ಅಮೈನೋ ಆಸಿಡ್. ಇಲ್ಲಿ ತುಂಬಾ ಜನ ಒಂದು ಕಡೆ ಎಡವ್ತಾರೆ, ಟೇಬಲ್ ತೆಗೆದು ಯಾವ ನಂಬರ್ ಎಲ್ಲಕ್ಕಿಂತ ಚಿಕ್ಕದಿದೆ ಅಂತ ನೋಡ್ತಾರೆ. ಹಾಗಲ್ಲ. ಗೋಧಿಯ ಒಂದು ಗ್ರಾಂ ಪ್ರೋಟೀನಲ್ಲಿ ಟ್ರಿಪ್ಟೊಫ್ಯಾನ್ ಸುಮಾರು 13 ಮಿ.ಗ್ರಾಂ, ಲೈಸಿನ್ ಸುಮಾರು 27 ಮಿ.ಗ್ರಾಂ ಇರುತ್ತೆ. ನೋಡಿದ ತಕ್ಷಣ ಟ್ರಿಪ್ಟೊಫ್ಯಾನ್ ಕಮ್ಮಿ ಅನ್ಸುತ್ತೆ, ಆದ್ರೆ ಬೇಕಾಗಿರೋದೇ ಸುಮಾರು 6.6 ಮಿ.ಗ್ರಾಂ, ಅಂದ್ರೆ ಅದು ಡಬಲ್ ಇದೆ. ಲೈಸಿನ್ ಬೇಕಾಗಿರೋದು 48, ಇರೋದು 27. ಕೊರತೆ ಲೈಸಿನ್ದು.

ಈ 48 ಎಲ್ಲಿಂದ ಬಂತು?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಎಫ್‌ಎಒ, 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೂರು ವರ್ಷ ದಾಟಿದ ಮಕ್ಕಳಿಂದ ಹಿಡಿದು ದೊಡ್ಡವರ ತನಕ ಎಲ್ಲರಿಗೂ ಒಂದೇ ರೆಫರೆನ್ಸ್ ಪ್ಯಾಟರ್ನ್ ಕೊಟ್ಟಿದ್ದಾರೆ. ಅದರ ಪ್ರಕಾರ ಒಂದು ಗ್ರಾಂ ಪ್ರೋಟೀನಿಗೆ ಲೈಸಿನ್ 48 ಮಿ.ಗ್ರಾಂ, ಮೆಥಿಯೊನಿನ್ ಮತ್ತು ಸಿಸ್ಟೀನ್ ಎರಡೂ ಸೇರಿ 23 ಮಿ.ಗ್ರಾಂ ಇರ್ಬೇಕು. 2007ರ ವಿಶ್ವ ಆರೋಗ್ಯ ಸಂಸ್ಥೆ ವರದಿಯಲ್ಲಿ ದೊಡ್ಡವರಿಗೆ ಲೈಸಿನ್ 45 ಅಂತಿದೆ, ಅದನ್ನ ಹಿಡಿದ್ರೂ ತಪ್ಪೇನಿಲ್ಲ. ನಾನಿಲ್ಲಿ 48 ಮತ್ತು 23 ಇಟ್ಕೊಂಡೇ ಎಲ್ಲಾ ಲೆಕ್ಕ ಮಾಡಿದೀನಿ. ಮೆಥಿಯೊನಿನ್, ಸಿಸ್ಟೀನ್ ಎರಡರಲ್ಲೂ ಗಂಧಕ ಇರೋದ್ರಿಂದ, ಮತ್ತೆ ಮೆಥಿಯೊನಿನ್ನಿಂದ ದೇಹ ಸಿಸ್ಟೀನ್ ಮಾಡ್ಕೊಳ್ಳೋದ್ರಿಂದ, ಎರಡನ್ನೂ ಸೇರಿಸೇ ಲೆಕ್ಕ ಹಾಕೋದು. ಮುಂದೆ ಸುಮ್ನೆ "ಗಂಧಕದ ಜೋಡಿ" ಅಂತೀನಿ.

ಧಾನ್ಯದಲ್ಲಿ ಲೈಸಿನ್ ಯಾಕೆ ಕಮ್ಮಿ? ಎಲ್ಲಾ ಧಾನ್ಯದಲ್ಲೂ ಒಂದೇ ಥರಾನಾ?

ಕಾಳು ಇರೋದು ನಮ್ಮ ಊಟಕ್ಕೆ ಅಂತಲ್ಲ, ಮುಂದಿನ ಗಿಡಕ್ಕೆ. ಮೊಳಕೆಗೆ ಬೇಕಾದ ನೈಟ್ರೋಜನ್ನ ಗೋಧಿ, ಮೆಕ್ಕೆಜೋಳ ಇವೆಲ್ಲ ಪ್ರೋಲಮಿನ್ ಅನ್ನೋ ಪ್ರೋಟೀನ್ ರೂಪದಲ್ಲಿ ಕೂಡಿಡ್ತವೆ. ಅದರ ತುಂಬಾ ಗ್ಲುಟಮಿನ್, ಪ್ರೋಲಿನ್ ಇರುತ್ತೆ, ಲೈಸಿನ್ ಹುಡುಕಿದ್ರೂ ಸಿಗೋದು ಕಷ್ಟ. ಮೆಕ್ಕೆಜೋಳದ ಪ್ರೋಲಮಿನ್‌ಗೆ ಜೀನ್ ಅಂತ ಹೆಸರು (ವಂಶವಾಹಿ ಜೀನ್ ಅಲ್ಲ, ಇದು ಬೇರೆ). 1914ರಲ್ಲಿ ಓಸ್ಬೋರ್ನ್ ಮತ್ತು ಮೆಂಡಲ್ ಇಬ್ರೂ ಇಲಿಗಳಿಗೆ ಪ್ರೋಟೀನ್ ಅಂತ ಜೀನ್ ಒಂದನ್ನೇ ಕೊಟ್ಟು ನೋಡಿದ್ರು, ಇಲಿಗಳು ತೂಕ ಕಳ್ಕೊಂಡ್ವು. ಟ್ರಿಪ್ಟೊಫ್ಯಾನ್ ಸೇರಿಸಿದಾಗ ತೂಕ ಇಳಿಯೋದು ನಿಂತ್ತು ಆದ್ರೆ ಬೆಳೀಲಿಲ್ಲ, ಲೈಸಿನ್ನೂ ಸೇರಿಸಿದ ಮೇಲೆ ಬೆಳೆಯೋಕೆ ಶುರು ಮಾಡಿದ್ವು. ಈ ಸಬ್ಜೆಕ್ಟ್ ಎಲ್ಲಾ ಹೆಚ್ಚುಕಮ್ಮಿ ಅಲ್ಲಿಂದಲೇ ಶುರು.

ಅಕ್ಕಿ ಸ್ವಲ್ಪ ಬೇರೆ. ಅದರಲ್ಲಿ ಪ್ರೋಲಮಿನ್ ಕಮ್ಮಿ, ಗ್ಲುಟೆಲಿನ್ ಜಾತಿಯ ಪ್ರೋಟೀನ್ ಜಾಸ್ತಿ, ಹಾಗಾಗಿ ಲೈಸಿನ್ ಗ್ರಾಂಗೆ ಸುಮಾರು 36 ಮಿ.ಗ್ರಾಂ ತನಕ ಬರುತ್ತೆ. ಇಡೀ ಗೋಧಿ ಹಿಟ್ಟಲ್ಲಿ 27, ಮೈದಾದಲ್ಲಿ ಇನ್ನೂ ಇಳಿದು 22ರ ಹತ್ರ, ಯಾಕಂದ್ರೆ ಲೈಸಿನ್ ಇರೋ ಪ್ರೋಟೀನ್ ಜಾಸ್ತಿ ಇರೋದು ಹೊಟ್ಟು ಮತ್ತು ಮೊಳಕೆ ಭಾಗದಲ್ಲಿ, ಮಿಲ್ಲಲ್ಲಿ ಮೊದಲು ಹೋಗೋದೂ ಅವೇ.

ಬೇಳೆಕಾಳುಗಳು ಕೂಡಿಡೋದು ಗ್ಲಾಬ್ಯುಲಿನ್ ಜಾತಿ ಪ್ರೋಟೀನ್, ಅದರಲ್ಲಿ ಲೈಸಿನ್ ಚೆನ್ನಾಗಿದೆ, ಮಸೂರ ಬೇಳೆಯಲ್ಲಿ ಗ್ರಾಂಗೆ ಸುಮಾರು 70, ಕಡಲೆಯಲ್ಲೂ ಅದರ ಹತ್ತಿರಕ್ಕೇ ಬರುತ್ತೆ. ಅವುಗಳಿಗೆ ಕಮ್ಮಿ ಆಗೋದು ಗಂಧಕದ ಜೋಡಿ, ಮಸೂರದಲ್ಲಿ ಸುಮಾರು 22. ಗೋಧಿಯಲ್ಲಿ ಇದೇ ಜೋಡಿ 38, ಅಕ್ಕಿಯಲ್ಲಿ 44. ಒಬ್ಬರ ಕೊರತೆ ಇನ್ನೊಬ್ಬರ ಹತ್ರ ಹೆಚ್ಚಾಗಿದೆ, ಧಾನ್ಯ ಬೇಳೆ ಜೋಡಿ ಅಂತ ಹೇಳೋದರ ಲೆಕ್ಕ ಇಷ್ಟೇ.

ಅಂದ್ರೆ ಎರಡು ಕಡೆ ಕೊರತೆನೂ ಒಂದೇ ಲೆವೆಲ್ದಾ? ಬೇಳೆ ಪ್ರೋಟೀನ್ ಕೂಡ "ಇನ್‌ಕಂಪ್ಲೀಟ್" ಅಂತ ಓದಿದೀನಿ.

ಇಲ್ಲ, ಎರಡೂ ಒಂದೇ ಅಲ್ಲ. ಪುಸ್ತಕಗಳಲ್ಲಿ ಎರಡನ್ನೂ ತಕ್ಕಡಿಯಲ್ಲಿ ಸಮ ಇಟ್ಟ ಹಾಗೆ ಬರೀತಾರೆ, ಅದು ನನಗೆ ಅಷ್ಟು ಸರಿ ಕಾಣಲ್ಲ. ಗೋಧಿಯಲ್ಲಿ ಲೈಸಿನ್ 27ನ್ನ 48ರಿಂದ ಭಾಗಿಸಿ, 0.56. ಮಸೂರದಲ್ಲಿ ಗಂಧಕದ ಜೋಡಿ 22ನ್ನ 23ರಿಂದ ಭಾಗಿಸಿ, 0.96. ಒಂದು ಕಡೆ ಹತ್ತಿರ ಹತ್ತಿರ ಅರ್ಧದಷ್ಟು ಕೊರತೆ, ಇನ್ನೊಂದು ಕಡೆ ಕೂದಲೆಳೆ ಅಷ್ಟು ಕಮ್ಮಿ.

ಹಳೇ ಲೆಕ್ಕಗಳಲ್ಲಿ ಬೇಳೆ ತುಂಬಾ ಕಳಪೆ ಅಂತ ಬರೋಕೆ ಒಂದು ಕಾರಣ ಇಲಿಗಳು. ಕ್ವಾಲಿಟಿ ಟೆಸ್ಟ್ ಎಲ್ಲಾ ಬೆಳೆಯೋ ಮರಿ ಇಲಿಗಳ ಮೇಲೇ ನಡೀತಿತ್ತು, ಇಲಿಗೆ ಮೈ ತುಂಬಾ ಕೂದಲು ಬೆಳೀಬೇಕು, ಕೂದಲಿಗೆ ಸಿಸ್ಟೀನ್ ಬೇಕು, ಹಾಗಾಗಿ ಅದಕ್ಕೆ ಗಂಧಕದ ಜೋಡಿ ನಮಗಿಂತ ಜಾಸ್ತಿ ಬೇಕಾಗುತ್ತೆ. ಇಲಿಗೆ ಸಾಕಾಗ್ದೇ ಇದ್ದಿದ್ದು ಮನುಷ್ಯನಿಗೂ ಸಾಕಾಗಲ್ಲ ಅಂತ ಬರೆದು ಹಾಕಿದ್ರು. ಬೇಳೆಯ ನಿಜವಾದ ತೊಂದರೆ ಜೀರ್ಣ ಆಗೋದ್ರಲ್ಲಿದೆ, ಅದಕ್ಕೆ ಆಮೇಲೆ ಬರ್ತೀನಿ.

"ಇನ್‌ಕಂಪ್ಲೀಟ್" ಪದಾನೂ ಸ್ವಲ್ಪ ದಾರಿ ತಪ್ಪಿಸುತ್ತೆ. ಗೋಧಿಯಲ್ಲೂ ಒಂಬತ್ತೂ ಇವೆ, ಯಾವುದೂ ಸೊನ್ನೆ ಅಲ್ಲ, ಪ್ರಮಾಣ ಕಮ್ಮಿ ಅಷ್ಟೇ. ಒಂದು ಅಮೈನೋ ಆಸಿಡ್ ಪೂರ್ತಿ ಇಲ್ಲದೇ ಇರೋದಕ್ಕೆ ಉದಾಹರಣೆ ಬೇಕಂದ್ರೆ ಜೆಲಾಟಿನ್ ಇದೆ, ಅದರಲ್ಲಿ ಟ್ರಿಪ್ಟೊಫ್ಯಾನ್ ಇಲ್ಲವೇ ಇಲ್ಲ. ಅದು ಪ್ರಾಣಿ ಮೂಲದ್ದು ಅನ್ನೋದು ತಮಾಷೆ.

ಸರಿ, ಹಾಗಾದ್ರೆ ಎಷ್ಟು ಧಾನ್ಯಕ್ಕೆ ಎಷ್ಟು ಬೇಳೆ? ರೇಶಿಯೋ ಹೇಳಿ.

ಎಲ್ಲರೂ ಕೊನೆಗೆ ಕೇಳೋದು ಇದನ್ನೇ. ಒಂದೇ ರೇಶಿಯೋ ಇಲ್ಲ, ಗೋಧಿಗೆ ಒಂದು, ಅಕ್ಕಿಗೆ ಇನ್ನೊಂದು, ವ್ಯತ್ಯಾಸನೂ ಚಿಕ್ಕದಲ್ಲ.

ಮೊದಲು ಗೋಧಿ. ಗೋಧಿ ಪ್ರೋಟೀನಲ್ಲಿ ಲೈಸಿನ್ 27, ಮಸೂರದಲ್ಲಿ 70. ಎರಡನ್ನೂ ಸಮ ಸಮ ಬೆರೆಸಿದ್ರೆ ಸರಾಸರಿ 48.5, ನಮಗೆ ಬೇಕಾಗಿರೋದು 48. ಅಂದ್ರೆ ಒಟ್ಟು ಪ್ರೋಟೀನಿನ ಅರ್ಧ ಬೇಳೆಯಿಂದ ಬರ್ಬೇಕು. ಇದು ಪ್ರೋಟೀನಿನ ಅರ್ಧ, ತೂಕದ ಅರ್ಧ ಅಲ್ಲ, ಗಮನಿಸಿ. 100 ಗ್ರಾಂ ಹಿಟ್ಟಲ್ಲಿ ಪ್ರೋಟೀನ್ 11 ಗ್ರಾಂ ಅಂತ ಹಿಡ್ಕೊಳ್ಳಿ, ಒಣ ಮಸೂರದಲ್ಲಿ 24 ಗ್ರಾಂ. ಹಾಗಾಗಿ 100 ಗ್ರಾಂ ಹಿಟ್ಟಿಗೆ 45 ಗ್ರಾಂ ಚಿಲ್ಲರೆ ಒಣ ಬೇಳೆ, ಸುಮಾರು ಎರಡಕ್ಕೊಂದು.

ಈಗ ಅಕ್ಕಿ. 36ರಿಂದ 48ಕ್ಕೆ ಏರಿಸ್ಬೇಕು, ಏರಬೇಕಾಗಿರೋದೇ ಕಮ್ಮಿ, ಒಟ್ಟು ಪ್ರೋಟೀನಿನ ಮೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ ಬೇಳೆಯಿಂದ ಬಂದ್ರೆ ಆಯ್ತು. ಜೊತೆಗೆ ಅಕ್ಕಿಯಲ್ಲಿ ಪ್ರೋಟೀನೇ 100 ಗ್ರಾಂಗೆ 7 ಗ್ರಾಂ ಇರೋದು. ಲೆಕ್ಕ ಹಾಕಿದ್ರೆ 100 ಗ್ರಾಂ ಅಕ್ಕಿಗೆ ಬರೀ 16 ಗ್ರಾಂ ಬೇಳೆ ಸಾಕು ಅಂತ ಬರುತ್ತೆ, ಆರಕ್ಕೊಂದು! ಆದ್ರೆ ಇಲ್ಲಿ ಖುಷಿಪಟ್ಟು ನಿಲ್ಲಿಸ್ಬೇಡಿ, ಮುಂದಿನ ಪ್ರಶ್ನೆಯಲ್ಲಿ ಇದರ ಇನ್ನೊಂದು ಮುಖ ಇದೆ.

ಒಂದು ದಿನದ ಊಟ ಇಟ್ಕೊಂಡು ಪೂರ್ತಿ ಲೆಕ್ಕ ತೋರಿಸ್ತೀರಾ?

60 ಕೆಜಿ ತೂಕದ ಆರೋಗ್ಯವಾಗಿರೋ ದೊಡ್ಡವರು ಅಂತ ಇಟ್ಕೊಳ್ಳೋಣ. ಕೆಜಿಗೆ 0.83 ಗ್ರಾಂ ಅನ್ನೋದು ಸೇಫ್ ಲೆವೆಲ್, ಹಾಗಾಗಿ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್. 50ನ್ನ 48ರಿಂದ ಗುಣಿಸಿದ್ರೆ ಲೈಸಿನ್ 2400 ಮಿ.ಗ್ರಾಂ. ಇವೆರಡು ಟಾರ್ಗೆಟ್ ನೆನಪಿಟ್ಕೊಳ್ಳಿ.

ಬರೀ ಗೋಧಿಯಿಂದ 2400 ಮಿ.ಗ್ರಾಂ ಲೈಸಿನ್ ಬರ್ಬೇಕಂದ್ರೆ 89 ಗ್ರಾಂ ಗೋಧಿ ಪ್ರೋಟೀನ್ ಬೇಕು, ಅಂದ್ರೆ 800 ಗ್ರಾಂಗೂ ಮೇಲೆ ಹಿಟ್ಟು, ಅಷ್ಟರಲ್ಲಿ 2700 ಕ್ಯಾಲರಿ ದಾಟಿರುತ್ತೆ. ಕೂತು ಕೆಲಸ ಮಾಡೋ ಮನುಷ್ಯ ಅಷ್ಟು ತಿಂದ್ರೆ ಪ್ರೋಟೀನ್ ಸರಿ ಹೋಗೋ ಮೊದಲು ಪ್ಯಾಂಟ್ ಸೈಜ್ ಬದಲಾಗುತ್ತೆ.

ಈಗ 300 ಗ್ರಾಂ ಹಿಟ್ಟು, 90 ಗ್ರಾಂ ಒಣ ಮಸೂರ. ಹಿಟ್ಟಿಂದ ಪ್ರೋಟೀನ್ 33 ಗ್ರಾಂ, ಲೈಸಿನ್ 891 ಮಿ.ಗ್ರಾಂ. ಬೇಳೆಯಿಂದ ಪ್ರೋಟೀನ್ 21.6 ಗ್ರಾಂ, ಲೈಸಿನ್ 1512 ಮಿ.ಗ್ರಾಂ. ಒಟ್ಟು ಪ್ರೋಟೀನ್ 54.6, ಲೈಸಿನ್ 2403. ಗುರಿ ಮುಟ್ತು. ಆದ್ರೆ ಸ್ಕೋರ್ ನೋಡಿ: 2403ನ್ನ 54.6ರಿಂದ ಭಾಗಿಸಿದ್ರೆ ಗ್ರಾಂಗೆ 44, ಅದನ್ನ ಬೇಕಾದ 48ರಿಂದ ಭಾಗಿಸಿದ್ರೆ ಬರೋದೇ ಸ್ಕೋರ್, 0.92, ಪೂರ್ತಿ 1 ಇಲ್ಲ. ಸ್ಕೋರ್ 1 ಆಗ್ದೇ ಇದ್ರೂ ದಿನದ ಕೋಟಾ ತುಂಬಿದೆ, ಯಾಕಂದ್ರೆ ಒಟ್ಟು ಪ್ರೋಟೀನ್ 50ಕ್ಕಿಂತ ಸ್ವಲ್ಪ ಜಾಸ್ತಿ ಇದೆ.

ಹಿಟ್ಟು ತೆಗೆದು 300 ಗ್ರಾಂ ಅಕ್ಕಿ ಇಡಿ, ಬೇಳೆ ಅದೇ 90 ಗ್ರಾಂ. ಅಕ್ಕಿಯಿಂದ ಪ್ರೋಟೀನ್ 21 ಗ್ರಾಂ, ಲೈಸಿನ್ 756. ಬೇಳೆದು ಸೇರಿಸಿದ್ರೆ ಒಟ್ಟು ಪ್ರೋಟೀನ್ 42.6, ಲೈಸಿನ್ 2268. ಗ್ರಾಂಗೆ 53 ಬಂತು, ಸ್ಕೋರ್ 1ಕ್ಕಿಂತ ಮೇಲೆ, ಕ್ವಾಲಿಟಿ ಫಸ್ಟ್ ಕ್ಲಾಸ್. ಆದ್ರೆ ಪ್ರೋಟೀನ್ ಒಟ್ಟು 50 ಆಗ್ಲೇ ಇಲ್ಲ! ಇಲ್ಲಿ ಕೊರತೆ ಯಾವ ಒಂದು ಅಮೈನೋ ಆಸಿಡ್‌ದೂ ಅಲ್ಲ, ಪ್ರೋಟೀನ್‌ದೇ. ಅಕ್ಕಿ ಊಟಕ್ಕೆ ಆರಕ್ಕೊಂದು ಸಾಕು ಅಂತ ಬಂದ ಲೆಕ್ಕ ಕೆಡೋದು ಇಲ್ಲೇ, ಕ್ವಾಲಿಟಿ ಸರಿ ಹೋದ್ರೂ ಕ್ವಾಂಟಿಟಿ ಬರಲ್ಲ. ಅಕ್ಕಿ ಜಾಸ್ತಿ ತಿನ್ನೋರು ಬೇಳೆ ಹೆಚ್ಚಿಸ್ಬೇಕಾಗಿರೋದು ಲೈಸಿನ್‌ಗಿಂತ ಹೆಚ್ಚಾಗಿ ಒಟ್ಟು ಪ್ರೋಟೀನ್‌ಗೆ, ಗೋಧಿ ತಿನ್ನೋರು ಹೆಚ್ಚಿಸ್ಬೇಕಾಗಿರೋದು ಲೈಸಿನ್‌ಗೆ. ಎರಡಕ್ಕೂ ಔಷಧಿ ಒಂದೇ ಆದ್ರೂ ಕಾಯಿಲೆ ಬೇರೆ ಬೇರೆ.

ಇದರಲ್ಲಿ ಜೀರ್ಣ ಆಗೋದು ಸೇರಿಸಿದೀರಾ?

ಇಲ್ಲ, ಒಳ್ಳೇ ಪ್ರಶ್ನೆ. ಮೇಲಿನದ್ದೆಲ್ಲ ಆಹಾರದಲ್ಲಿ ಇರೋ ಲೆಕ್ಕ, ರಕ್ತಕ್ಕೆ ಸೇರೋ ಲೆಕ್ಕ ಅಲ್ಲ. ಧಾನ್ಯದ್ದಾಗ್ಲಿ ಬೇಯಿಸಿದ ಬೇಳೆದಾಗ್ಲಿ ಲೈಸಿನ್ ಸುಮಾರು 80ರಿಂದ 85% ಜೀರ್ಣ ಆಗುತ್ತೆ ಅಂತ ಇಟ್ಕೊಂಡು 83% ಹಾಕೋಣ. ಗೋಧಿ ಮಸೂರದ 2403 ಇಳಿದು 2000ದ ಹತ್ರ ಬರುತ್ತೆ. ಭಯ ಬೀಳ್ಬೇಡಿ, ಸರಾಸರಿ ಮನುಷ್ಯನ ಅಗತ್ಯ ಕೆಜಿಗೆ 30 ಮಿ.ಗ್ರಾಂ, 60 ಕೆಜಿಗೆ 1800, ಅದಕ್ಕಿಂತ ಮೇಲೇ ಇದೀವಿ. 2400 ಅನ್ನೋದು ಹೆಚ್ಚು ಬೇಕಾಗೋ ಜನರನ್ನೂ ಒಳಗೆ ಹಾಕ್ಕೊಂಡಿರೋ ಸೇಫ್ಟಿ ನಂಬರ್. ಅದನ್ನೂ ಮುಟ್ಟಬೇಕು ಅಂದ್ರೆ ಬೇಳೆ 90ರಿಂದ 120 ಗ್ರಾಂಗೆ ಏರಿಸಿ, ಇಲ್ಲಾ 250 ಮಿ.ಲೀ. ಹಾಲು ಸೇರಿಸಿ. ಹಾಲಿನ ಆ 8 ಗ್ರಾಂ ಚಿಲ್ಲರೆ ಪ್ರೋಟೀನಲ್ಲಿ 600 ಮಿ.ಗ್ರಾಂ ಮೇಲೆ ಲೈಸಿನ್ ಇದೆ, ಅದೂ ಬಹುಪಾಲು ಪೂರ್ತಿ ಜೀರ್ಣ ಆಗುತ್ತೆ.

ಎರಡು ಆಹಾರದ ಸ್ಕೋರ್ ಗೊತ್ತಿದ್ರೆ ಸರಾಸರಿ ತೆಗೆದ್ರೆ ಮಿಕ್ಸ್ ಸ್ಕೋರ್ ಬರಲ್ವಾ?

ಬರಲ್ಲ. ಗೋಧಿ 0.56, ಮಸೂರ 0.96, ಸರಾಸರಿ 0.76 ಅಂತ ಬರುತ್ತೆ. ಆದ್ರೆ ಪ್ರೋಟೀನ್ ಸಮ ಸಮ ಬೆರೆಸಿದಾಗ ಲೈಸಿನ್ 48.5 ಅಂತ ಮೇಲೆ ನೋಡಿದ್ವಿ, ಗಂಧಕದ ಜೋಡಿ 30, ಎರಡೂ ಗೆರೆ ದಾಟಿವೆ, ಸ್ಕೋರ್ 1. ಸ್ಕೋರ್ ಅನ್ನೋದು ಆ ಆಹಾರದ ಕೊರತೆಯನ್ನ ಮಾತ್ರ ಹೇಳುತ್ತೆ, ಅದರಲ್ಲಿ ಏನು ಹೆಚ್ಚಿದೆ ಅಂತ ಹೇಳಲ್ಲ, ಜೋಡಿ ಕೆಲಸ ಮಾಡೋದೇ ಆ ಹೆಚ್ಚಿನಿಂದ. ಹಾಗಾಗಿ ಯಾವಾಗ್ಲೂ ಮಿಲಿಗ್ರಾಂ ಕೂಡಿಸಿ, ಪ್ರೋಟೀನ್ ಗ್ರಾಂ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಿ. ಪ್ಯಾಕೆಟ್ ಮೇಲಿನ ಸ್ಕೋರುಗಳನ್ನ ಸರಾಸರಿ ಮಾಡಿ ಡಯಟ್ ಚಾರ್ಟ್ ಮಾಡೋರನ್ನ ನೋಡಿದೀನಿ, ಕೊನೆಗೆ ಅವರೆಲ್ಲ ಹೋಗಿ ನಿಲ್ಲೋದು ಪೌಡರ್ ಡಬ್ಬಿ ಹತ್ರ.

ಪಿಡಿಸಿಎಎಎಸ್, ಡಿಐಎಎಎಸ್ ಎರಡಕ್ಕೂ ಏನು ವ್ಯತ್ಯಾಸ? ಯಾವುದನ್ನ ನಂಬ್ಬೇಕು?

ಎರಡೂ ಮೇಲೆ ಮಾಡಿದ ಭಾಗಾಕಾರಕ್ಕೆ ಜೀರ್ಣದ ಲೆಕ್ಕ ಸೇರಿಸಿದ್ದೇ. ಪಿಡಿಸಿಎಎಎಸ್ ಹಳೇದು, 1991ರ ವರದಿಯಲ್ಲಿ ಬಂದಿದ್ದು. ಅದು ಒಟ್ಟು ಪ್ರೋಟೀನ್ ಎಷ್ಟು ಜೀರ್ಣ ಆಯ್ತು ಅಂತ ಮಲದಲ್ಲಿ ಉಳಿದ ನೈಟ್ರೋಜನ್ ಅಳೆದು ಹೇಳುತ್ತೆ, 1ಕ್ಕಿಂತ ಮೇಲೆ ಬಂದಿದ್ದನ್ನೆಲ್ಲ 1 ಅಂತ ಕತ್ತರಿಸುತ್ತೆ. ಡಿಐಎಎಎಸ್ 2013ರದ್ದು, ಸಣ್ಣ ಕರುಳಿನ ಕೊನೆಯಲ್ಲಿ ಅಳೆಯೋದು, ಅದೂ ಒಂದೊಂದು ಅಮೈನೋ ಆಸಿಡ್‌ಗೂ ಬೇರೆ ಬೇರೆ. ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾಗಳು ತಿಂದು ಹಾಕಿದ್ದನ್ನ ನಮಗೆ ಸಿಕ್ತು ಅಂತ ಎಣಿಸೋ ತಪ್ಪು ಇದರಲ್ಲಿ ಆಗಲ್ಲ. ಬೇಳೆಗಳಿಗೆ ಹೊಸ ಪದ್ಧತಿಯಲ್ಲಿ ನಂಬರ್ ಸಾಮಾನ್ಯವಾಗಿ ಇಳಿಯುತ್ತೆ, ಕಾರಣ ಗಂಧಕದ ಜೋಡಿ ಬೇಳೆಯಲ್ಲಿ ಮಿಕ್ಕಿದ್ದಕ್ಕಿಂತ ಕಮ್ಮಿ ಜೀರ್ಣ ಆಗುತ್ತೆ. ತತ್ವಕ್ಕೆ ಡಿಐಎಎಎಸ್ ಒಳ್ಳೇದು, ಆದ್ರೆ ಎಲ್ಲಾ ಆಹಾರಕ್ಕೂ ಸರಿಯಾಗಿ ಅಳೆದ ನಂಬರ್ ಸಿಗೋದು ಕಷ್ಟ. ಎರಡು ಸ್ಕೋರ್ ಹೋಲಿಸುವಾಗ ಒಂದೇ ಪದ್ಧತಿ, ಒಂದೇ ವಯಸ್ಸಿನ ಪ್ಯಾಟರ್ನ್ ಇದೆಯಾ ಅಂತ ನೋಡಿ.

ಧಾನ್ಯ, ಬೇಳೆ ಎರಡನ್ನೂ ಒಂದೇ ಊಟದಲ್ಲಿ ತಿನ್ಲೇಬೇಕಾ?

ದೊಡ್ಡವರಿಗೆ ಬೇಡ. ಬೆಳಗ್ಗೆ ಧಾನ್ಯ, ಸಂಜೆ ಕಾಳು ತಿಂದ್ರೂ ನಡೆಯುತ್ತೆ. 1971ರಲ್ಲಿ ಅಮೆರಿಕದ ಫ್ರಾನ್ಸಿಸ್ ಮೂರ್ ಲಾಪೆ ಬರೆದ ಪುಸ್ತಕದಿಂದ ಒಂದೇ ಊಟದಲ್ಲಿ ಲೆಕ್ಕ ಹಾಕಿ ಜೋಡಿಸ್ಬೇಕು ಅನ್ನೋ ಮಾತು ಜೋರಾಗಿ ಹಬ್ಬಿತ್ತು, ಆದ್ರೆ ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಅವರೇ ಅದನ್ನ ಸಡಿಲಿಸಿದ್ರು. ಮೊದಲ ಮಾತು ಮಾತ್ರ ಇವತ್ತಿಗೂ ಓಡಾಡ್ತಿದೆ.

ಯಾಕೆ ನಡೆಯುತ್ತೆ ಅಂದ್ರೆ, ಕರುಳಿನ ಒಳಪದರದ ಜೀವಕೋಶ, ಜೀರ್ಣರಸದ ಎಂಜೈಮ್ ಇವೆಲ್ಲ ದಿನಾ ಒಡೆದು ಅವುಗಳ ಅಮೈನೋ ಆಸಿಡ್ ವಾಪಸ್ ಬಳಕೆಗೆ ಬರುತ್ತೆ, ಅದರ ಮೇಲೆ ಸ್ನಾಯುವಿನ ಜೀವಕೋಶಗಳ ಒಳಗೆ ಬಿಡಿ ಲೈಸಿನ್ ಒಂದಷ್ಟು ಇದ್ದೇ ಇರುತ್ತೆ, ಬೇಳೆ ತಿಂದಾಗ ಅದು ಏರುತ್ತೆ, ಮುಂದಿನ ಧಾನ್ಯದ ಊಟಕ್ಕೆ ಅದೇ ಒದಗುತ್ತೆ. ಅಮೈನೋ ಆಸಿಡ್‌ಗೆ ಗೋಡೌನ್ ಇಲ್ಲ ಅಂತ ಶುರುನಲ್ಲಿ ಹೇಳಿದ್ದಕ್ಕೆ ಇದು ವಿರುದ್ಧ ಅಲ್ಲ, ಇದು ಗಂಟೆಗಳ ಲೆಕ್ಕದ ಸಂಗ್ರಹ, ವಾರಗಟ್ಟಲೆ ಬರಲ್ಲ. ವಾರವೆಲ್ಲ ಬರೀ ಧಾನ್ಯ ತಿಂದು ಭಾನುವಾರ ಒಂದು ದಿನ ಕಾಳು ತಿಂದ್ರೆ ಆಗಲ್ಲ.

ಚಿಕ್ಕ ಮಕ್ಕಳಿಗೂ ಇದೇ ರೇಶಿಯೋನಾ?

ಅಲ್ಲ. ಆರು ತಿಂಗಳಿಂದ ಮೂರು ವರ್ಷದ ತನಕ ಪ್ಯಾಟರ್ನೇ ಬೇರೆ, ಲೈಸಿನ್ 57, ಗಂಧಕದ ಜೋಡಿ 27. ಗೋಧಿ ಮಸೂರದಲ್ಲಿ ಲೈಸಿನ್ 57 ಬರ್ಬೇಕಂದ್ರೆ ಪ್ರೋಟೀನಿನ 70% ಬೇಳೆಯಿಂದ ಬರ್ಬೇಕು, ಅಷ್ಟು ಬೇಳೆ ಹಾಕಿದಾಗ ಗಂಧಕದ ಜೋಡಿ 26.8ಕ್ಕೆ ಇಳಿದಿರುತ್ತೆ. ಒಂದು ಸರಿ ಮಾಡೋಕೆ ಹೋದ್ರೆ ಇನ್ನೊಂದು ಅಂಚಿಗೆ ಬರುತ್ತೆ, ಜೀರ್ಣದ ಕಡಿತ ಹಾಕಿದ್ರೆ ಎರಡೂ ಕೆಳಗೆ. ಅಕ್ಕಿ ಮಸೂರ ಸ್ವಲ್ಪ ವಾಸಿ, 62% ಬೇಳೆಯಲ್ಲಿ ಲೈಸಿನ್ 57 ಬಂದು ಗಂಧಕದ ಜೋಡಿ 30 ಉಳಿಯುತ್ತೆ, ಆದ್ರೆ ಮಗುವಿನ ಪುಟ್ಟ ಹೊಟ್ಟೆಗೆ ಅಷ್ಟು ಬೇಳೆ ತುಂಬಿಸೋದು ಬೇರೆ ಮಾತು. ಇದಕ್ಕೇ ಈ ವಯಸ್ಸಲ್ಲಿ ಎದೆಹಾಲು, ಹಾಲು, ಮೊಟ್ಟೆ ಇಂಥದ್ದು ಸ್ವಲ್ಪ ಇರ್ಲಿ ಅನ್ನೋದು. ಇವು ಯಾವುದೂ ಬೇಡ ಅನ್ನೋ ಮನೆಯವರು ಸೋಯಾ ಕಡೆ ನೋಡಿ, ಹಾಗೇ ಮಗುವಿನ ಬೆಳವಣಿಗೆ ಚಾರ್ಟ್ ನೋಡೋ ಡಾಕ್ಟರ್ ಹತ್ರ ಒಂದು ಮಾತು ಕೇಳಿ.

ಶೇಂಗಾ, ಎಳ್ಳು, ಸೋಯಾ ಇವು ಬೇಳೆ ಜಾಗಕ್ಕೆ ಆಗುತ್ತಾ?

ಶೇಂಗಾ ಗಿಡದ ಲೆಕ್ಕದಲ್ಲಿ ಬೇಳೆಯ ಬಂಧುವೇ, ಆದ್ರೆ ಅದರ ಲೈಸಿನ್ ಗ್ರಾಂಗೆ ಸುಮಾರು 36, ಅಂದ್ರೆ ಅಕ್ಕಿಯಷ್ಟೇ! ಬ್ರೆಡ್ ಮೇಲೆ ಪೀನಟ್ ಬಟರ್ ಹಚ್ಚಿದ್ರೆ ಒಟ್ಟು ಪ್ರೋಟೀನ್ ಏರುತ್ತೆ, ಲೈಸಿನ್ ಕೊರತೆ ಮಾತ್ರ ಪೂರ್ತಿ ಮುಚ್ಚಲ್ಲ. ಎಳ್ಳಿನಲ್ಲಿ ಮೆಥಿಯೊನಿನ್ ಜಾಸ್ತಿ, ಲೈಸಿನ್ ಕಮ್ಮಿ, ಹಾಗಾಗಿ ಅದು ಬೇಳೆಗೆ ಜೋಡಿ, ಧಾನ್ಯಕ್ಕಲ್ಲ. ಸೋಯಾ ಒಂಟಿಯಾಗೇ ನಿಲ್ಲೋ ಕಾಳು, ಲೈಸಿನ್ ಚೆನ್ನಾಗಿದೆ, ಗಂಧಕದ ಜೋಡಿನೂ ದೊಡ್ಡವರ ಗೆರೆ ದಾಟುತ್ತೆ.

ಗೋಧಿ ಜೊತೆ ಅಕ್ಕಿ ಬೆರೆಸಿದ್ರೆ ಆಗಲ್ವಾ? ಮಲ್ಟಿಗ್ರೇನ್ ಹಿಟ್ಟು?

ಎರಡಕ್ಕೂ ಕೊರತೆ ಲೈಸಿನ್ದೇ, ಕಮ್ಮಿ ಇರೋ ಇಬ್ಬರನ್ನ ಸೇರಿಸಿದ್ರೆ ನಡುವಿನ ಕಮ್ಮಿ ಬರುತ್ತೆ. ಮಲ್ಟಿಗ್ರೇನ್ ಪ್ಯಾಕೆಟ್ ಹಿಂದೆ ತಿರುಗಿಸಿ ಕಡಲೆ ಅಥವಾ ಸೋಯಾ ಎಷ್ಟು ಪರ್ಸೆಂಟ್ ಇದೆ ನೋಡಿ, ಬೇರೆ ಹೆಸರುಗಳು ಎಷ್ಟಿದ್ರೂ ಈ ವಿಷಯಕ್ಕೆ ಲೆಕ್ಕಕ್ಕಿಲ್ಲ. ರಾಜಗಿರಿ ಮತ್ತು ಬಕ್‌ವೀಟ್ ಮಾತ್ರ ಎಕ್ಸೆಪ್ಷನ್, ಅವು ನಿಜವಾದ ಧಾನ್ಯ ಅಲ್ಲ, ಅವುಗಳ ಲೈಸಿನ್ 50 ದಾಟುತ್ತೆ.

ಲೈಸಿನ್ ಜಾಸ್ತಿ ಇರೋ ಧಾನ್ಯನೇ ಬೆಳೆಯೋಕಾಗಲ್ವಾ?

ಆಗುತ್ತೆ, ಮಾಡಿದ್ದಾರೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಮರ್ಟ್ಜ್, ಬೇಟ್ಸ್, ನೆಲ್ಸನ್ ಅವರು ಒಪೇಕ್-2 ಅನ್ನೋ ಮೆಕ್ಕೆಜೋಳದಲ್ಲಿ ಜೀನ್ ಪ್ರೋಟೀನ್ ಕಮ್ಮಿ, ಲೈಸಿನ್ ಹೆಚ್ಚು ಕಮ್ಮಿ ಡಬಲ್ ಅಂತ ತೋರಿಸಿದ್ರು. ಆದ್ರೆ ಕಾಳು ಮೆತ್ತಗೆ ಪುಡಿಪುಡಿ, ಹುಳ ಬೀಳೋದು, ಇಳುವರಿ ಕಮ್ಮಿ, ರೈತರು ಯಾಕೆ ಬೆಳೀತಾರೆ? ಆಮೇಲೆ ಮೆಕ್ಸಿಕೋದ ಸಿಮಿಟ್ ಸಂಸ್ಥೆಯಲ್ಲಿ ಸುರಿಂದರ್ ವಾಸಲ್, ಎವಾಂಜೆಲಿನಾ ವಿಯೆಗಾಸ್ ಇಬ್ರೂ ವರ್ಷಗಟ್ಟಲೆ ಕೂತು ಅದನ್ನ ಗಟ್ಟಿ ಕಾಳಿನ ತಳಿ ಮಾಡಿದ್ರು, 2000ದಲ್ಲಿ ವರ್ಲ್ಡ್ ಫುಡ್ ಪ್ರೈಜ್ ಬಂತು.

ಇದಕ್ಕೆ ಉಲ್ಟಾ ಇನ್ನೊಂದಿದೆ. ಗೋಧಿ ಹೊಲಕ್ಕೆ ನೈಟ್ರೋಜನ್ ಗೊಬ್ಬರ ಜಾಸ್ತಿ ಹಾಕಿದ್ರೆ ಪ್ರೋಟೀನ್ ಪರ್ಸೆಂಟ್ ಏರುತ್ತೆ, ಆದ್ರೆ ಏರೋದು ಬಹುಪಾಲು ಅದೇ ಲೈಸಿನ್ ಕಮ್ಮಿ ಇರೋ ಪ್ರೋಲಮಿನ್, ಹಾಗಾಗಿ ಗ್ರಾಂ ಪ್ರೋಟೀನಿಗೆ ಲೈಸಿನ್ ಇಳಿಯುತ್ತೆ. "ಹೈ ಪ್ರೋಟೀನ್ ಹಿಟ್ಟು" ಅಂತ ಬರೆದಿದ್ರೆ ಲೈಸಿನ್ನೂ ಅಷ್ಟೇ ಜಾಸ್ತಿ ಅಂತ ಅಂದ್ಕೋಬೇಡಿ. ಅದೇ ಕಾರಣಕ್ಕೆ ನಾನು ಕೊಟ್ಟಿರೋ ನಂಬರುಗಳೂ ತಳಿ, ಮಣ್ಣು ಬದಲಾದ ಹಾಗೆ ಸ್ವಲ್ಪ ಆಕಡೆ ಈಕಡೆ ಆಗ್ತವೆ.

ಅಡುಗೆ ಮಾಡುವಾಗ ಲೈಸಿನ್ ಹಾಳಾಗುತ್ತಾ?

ನೀರಲ್ಲಿ ಬೇಯಿಸಿದ್ರೆ ಹೆಚ್ಚೇನಿಲ್ಲ. ತೊಂದರೆ ಒಣ ಶಾಖದಲ್ಲಿ. ಲೈಸಿನ್‌ನ ತುದಿಯಲ್ಲಿ ಒಂದು ಬಿಡಿ ಅಮೈನೋ ಗುಂಪು ಚಾಚ್ಕೊಂಡಿರುತ್ತೆ, ಹತ್ರ ಸಕ್ಕರೆ ಇದ್ದು ಶಾಖ ಸಿಕ್ಕಿದ್ರೆ ಅದಕ್ಕೆ ಹೋಗಿ ಅಂಟ್ಕೊಳ್ಳುತ್ತೆ, ಇದೇ ಮೇಲಾರ್ಡ್ ರಿಯಾಕ್ಷನ್. ಬ್ರೆಡ್ಡಿನ ಕಂದು ಅಂಚು, ಬಿಸ್ಕತ್ತಿನ ಬಣ್ಣ, ಹುರಿದ ಹಿಟ್ಟಿನ ಘಮ ಎಲ್ಲಾ ಅದರದ್ದೇ. ಆ ಅಂಟಿದ ಲೈಸಿನ್ ದೇಹಕ್ಕೆ ಉಪಯೋಗಕ್ಕೆ ಬರಲ್ಲ, ಎಲ್ಲಕ್ಕಿಂತ ಕಮ್ಮಿ ಇರೋದೇ ಲೈಸಿನ್, ಹಾಳಾಗೋದೂ ಅದೇ! ಹೆಚ್ಚು ಕಂದಾದಷ್ಟೂ ನಷ್ಟ ಹೆಚ್ಚು ಅಂತ ಕಣ್ಣಲ್ಲೇ ಅಂದಾಜು ಮಾಡ್ಬಹುದು, ಆದ್ರೆ ಬಣ್ಣ ಬರೋ ಮೊದಲೇ ಅಂಟೋದು ಶುರುವಾಗಿರುತ್ತೆ, ತೇವ ಹಿಡಿದ ಹಾಲಿನ ಪುಡಿ ಬೆಚ್ಚಗಿನ ಜಾಗದಲ್ಲಿ ಬಿದ್ದಿದ್ರೆ ಬೆಳ್ಳಗಿದ್ದಾಗಲೇ ಲೈಸಿನ್ ಹೋಗಿರಬಹುದು. ಇನ್ನೊಂದು ಕಿರಿಕ್ ಅಂದ್ರೆ ಮಾಮೂಲಿ ಲ್ಯಾಬ್ ಟೆಸ್ಟಲ್ಲಿ ಪ್ರೋಟೀನನ್ನ ಆಸಿಡ್ ಹಾಕಿ ಕುದಿಸ್ತಾರೆ, ಆಗ ಅಂಟಿದ ಲೈಸಿನ್ನಲ್ಲಿ ಒಂದು ಭಾಗ ಬಿಟ್ಕೊಂಡು ಲೆಕ್ಕಕ್ಕೆ ಬಂದುಬಿಡುತ್ತೆ. ರಿಪೋರ್ಟಲ್ಲಿ ಲೈಸಿನ್ ಇರುತ್ತೆ, ದೇಹಕ್ಕೆ ಸಿಗಲ್ಲ. ಹುರಿದ, ಉಬ್ಬಿಸಿದ ಸಿರಿಯಲ್‌ಗಳಲ್ಲಿ "ರಿಯಾಕ್ಟಿವ್ ಲೈಸಿನ್" ಅಂತ ಬೇರೆ ಟೆಸ್ಟ್ ಮಾಡೋದು ಇದಕ್ಕೇ.

ಬೇಳೆಯ ವಿಷಯ ತಿರುಗುಮುರುಗು, ಅದಕ್ಕೆ ಶಾಖ ಬೇಕೇ ಬೇಕು. ಹಸಿ ಕಾಳಲ್ಲಿ ಟ್ರಿಪ್ಸಿನ್ ಇನ್ಹಿಬಿಟರ್ ಅಂತ ಇರುತ್ತೆ, ಪ್ರೋಟೀನ್ ಒಡೆಯೋ ಎಂಜೈಮನ್ನೇ ಹಿಡಿದು ನಿಲ್ಲಿಸುತ್ತೆ. ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕುದಿಸಿದ್ರೆ ಅದು ಬಹುಪಾಲು ಹೋಗುತ್ತೆ. ಬೆರಳಲ್ಲಿ ಹಿಸುಕಿದಾಗ ನಡುವೆ ಗಟ್ಟಿ ಸಿಗದೇ ಮೆತ್ತಗೆ ಒಡೀಬೇಕು. ರಾಜ್ಮಾ ಅಂತೂ ಅರೆಬೆಂದಿದ್ರೆ ವಾಂತಿ ಭೇದಿ ತರುತ್ತೆ, ಅದರಲ್ಲಿರೋ ಲೆಕ್ಟಿನ್ ಸಣ್ಣ ಉರಿಯಲ್ಲಿ ಬೆಚ್ಚಗೆ ಇಟ್ರೆ ಸಾಯಲ್ಲ, ಕುದಿ ಬರ್ಲೇಬೇಕು.

ಬೇಳೆ ಬದ್ಲು ಲೈಸಿನ್ ಮಾತ್ರೆ ತಗೊಂಡ್ರೆ?

ಗೋಧಿಗೆ ಬರೀ ಲೈಸಿನ್ ಸೇರಿಸಿದ್ರೆ ಮೊದಲ ತಡೆ ಹೋಗುತ್ತೆ, ಮುಂದಿನ ತಡೆ ಥ್ರಿಯೊನಿನ್. ಗೋಧಿಯಲ್ಲಿ ಅದು 28ರ ಹತ್ರ, ಬೇಕಾಗಿರೋದು 25, ಜೀರ್ಣದ ಕಡಿತ ಹಾಕಿದ್ರೆ ಅದೂ ಗೆರೆಯ ಕೆಳಗೆ ಜಾರುತ್ತೆ. ಬೇಳೆಯಿಂದ ಲೈಸಿನ್ ಜೊತೆ ಥ್ರಿಯೊನಿನ್ನೂ ಬರುತ್ತೆ, ಪ್ರೋಟೀನೂ ಏರುತ್ತೆ. ಹಂದಿ, ಕೋಳಿ ಫೀಡ್‌ನಲ್ಲಿ ಬಿಡಿ ಲೈಸಿನ್ ಹಾಕೋದು ಮಾಮೂಲು, ಅಲ್ಲಿ ಪ್ರತಿ ಗ್ರಾಂಗೂ ಲೆಕ್ಕ ಇಟ್ಟು ಮಿಕ್ಕಿದ್ದನ್ನೂ ಹೊಂದಿಸಿರ್ತಾರೆ. ಮನೇಲಿ ಊಟ ಮಾಡೋರಿಗೆ ಇನ್ನೊಂದು ಸೌಟು ಬೇಳೆ ಸುಲಭ.

ಕಿಡ್ನಿ ತೊಂದರೆ ಇರೋರು ಈ ರೇಶಿಯೋ ಫಾಲೋ ಮಾಡ್ಬಹುದಾ?

ಈ ಪುಟ ನೋಡಿ ಮಾಡ್ಬೇಡಿ. ಅಲ್ಲಿ ಒಟ್ಟು ಪ್ರೋಟೀನ್ ಜೊತೆಗೆ ಪೊಟ್ಯಾಷಿಯಂ, ಫಾಸ್ಫರಸ್ ಲೆಕ್ಕನೂ ಇರುತ್ತೆ, ಬೇಳೆಯಲ್ಲಿ ಎರಡೂ ಜಾಸ್ತಿ. ಎಷ್ಟು ಗ್ರಾಂ ಬೇಳೆ ಅಂತ ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ್ ಅಥವಾ ಡಯಟಿಷಿಯನ್ ಹೇಳ್ಬೇಕು.